ಮಾತಿನ ನಡುವೆ ಬರುವ ಪ್ರಶ್ನೆಗಳು: ನಿಲುಗಡೆ ಮತ್ತು ಬಾಕಿ ಪಟ್ಟಿ

ಹಾವೇರಿ ಕಡೆಯ ಹಳ್ಳಿಗಳಲ್ಲಿ ಮುಂಗಾರಿಗೆ ಮೊದಲು ರೈತರಿಗೆ ಮಣ್ಣು ಪರೀಕ್ಷೆಯ ಬಗ್ಗೆ ಮಾತನಾಡುವುದು ನನ್ನ ಕೆಲಸದ ಒಂದು ಭಾಗ. ಮಣ್ಣಿನ ಮಾದರಿ ತೆಗೆಯುವ ಕ್ರಮ, ಮಣ್ಣು ಆರೋಗ್ಯ ಚೀಟಿಯನ್ನು ಓದುವ ಬಗೆ, ಅದರಲ್ಲಿರುವ ಶಿಫಾರಸನ್ನು ಗೊಬ್ಬರದ ಚೀಲಗಳಿಗೆ ಇಳಿಸುವ ಲೆಕ್ಕ, ಈ ಮೂರನ್ನೂ ಸುಮಾರು ಒಂದು ಗಂಟೆಯಲ್ಲಿ ಹೇಳಬೇಕಾಗುತ್ತದೆ. ಸಭೆ ನಡೆಯುವುದು ಹಾಲು ಉತ್ಪಾದಕರ ಸಂಘದ ಕಟ್ಟೆಯಲ್ಲೋ ಸಮುದಾಯ ಭವನದಲ್ಲೋ ಆದ್ದರಿಂದ ಅಲ್ಲಿ ಯಾರೂ ಶಾಲೆಯ ಮಕ್ಕಳಂತೆ ಕೈಕಟ್ಟಿ ಕುಳಿತಿರುವುದಿಲ್ಲ. ಯೂರಿಯಾ ಸಿಗದಿರುವುದು, ಹಂದಿ ಕಾಟ, ಬೆಳೆ ವಿಮೆಯ ಹಣ, ಕೊಳವೆಬಾವಿಯ ವಿದ್ಯುತ್ತು, ಹೀಗೆ ಎಲ್ಲ ಪ್ರಶ್ನೆಗಳೂ ಮಾತಿನ ನಡುವೆಯೇ ಬರುತ್ತವೆ.

ಪ್ರಶ್ನೆಗಳನ್ನೆಲ್ಲ ಕೊನೆಗೆ ಕೇಳಿ ಎಂದು ಹೇಳುವ ಪದ್ಧತಿಯನ್ನು ನಾನು ಅನುಸರಿಸುವುದಿಲ್ಲ. ಸಂಜೆಯ ಸಭೆಯಾದರೆ ಹಾಲು ಕರೆಯುವ ಹೊತ್ತಿಗೆ ಅರ್ಧ ಜನ, ಅದರಲ್ಲೂ ಹೆಣ್ಣುಮಕ್ಕಳು, ಎದ್ದು ಹೋಗುತ್ತಾರೆ. ಕೊನೆಗೆ ಉಳಿಯುವ ಪ್ರಶ್ನೆಗಳು ಕೊನೆಯವರೆಗೆ ಕುಳಿತಿರಬಲ್ಲವರದು ಮಾತ್ರ. ಇನ್ನೊಂದು ಕಾರಣವೂ ಇದೆ. ಬಾಯಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡು ಕುಳಿತವರು ಅದನ್ನು ಮರೆಯದಿರಲು ಮನಸ್ಸಿನಲ್ಲೇ ಉರುಹೊಡೆಯುತ್ತಿರುತ್ತಾರೆ, ಅಷ್ಟು ಹೊತ್ತು ನಾವು ಹೇಳುವುದು ಅವರ ಕಿವಿಗೆ ಬೀಳುವುದೇ ಇಲ್ಲ. ಹಾಗೆಂದು ಪ್ರತಿಯೊಂದಕ್ಕೂ ಆಗಲೇ ಉತ್ತರ ಕೊಡುತ್ತಾ ಹೋದರೆ ಗೊಬ್ಬರದ ಲೆಕ್ಕದವರೆಗೆ ಸಭೆ ತಲುಪುವುದಿಲ್ಲ. ಆದ್ದರಿಂದ ಎರಡು ಏರ್ಪಾಡುಗಳನ್ನು ಒಟ್ಟಿಗೆ ಇಟ್ಟುಕೊಂಡಿದ್ದೇನೆ: ಮೊದಲೇ ನಿಗದಿಯಾದ ಮೂರು ನಿಲುಗಡೆಗಳು, ಮತ್ತು ಎಲ್ಲರಿಗೂ ಕಾಣುವಂತೆ ಗೋಡೆಯ ಮೇಲೆ ಒಂದು ಬಾಕಿ ಪಟ್ಟಿ.

ನಿಲುಗಡೆಗಳನ್ನು ನಾನು ಗಡಿಯಾರ ನೋಡಿ ಇಡುವುದಿಲ್ಲ, ವಿಷಯದ ಕೊಂಡಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ನೋಡಿ ಇಡುತ್ತೇನೆ. ಕೇಳುವವರು ಒಂದು ಅಂಕಿಯನ್ನೋ ಹಂತವನ್ನೋ ತಲೆಯಲ್ಲಿ ಹಿಡಿದುಕೊಂಡಿರಬೇಕಾದ ಕಡೆ ನಿಲ್ಲಬಾರದು. ಹಿಡಿದದ್ದನ್ನು ಇಳಿಸಿ ಹಗುರಾಗುವ ಕಡೆ ನಿಲ್ಲಬೇಕು. ಮಾದರಿ ತೆಗೆಯುವ ಕ್ರಮ ಮುಗಿದ ಮೇಲೆ ಮೊದಲ ನಿಲುಗಡೆ, ಚೀಟಿಯ ಓದು ಮುಗಿದ ಮೇಲೆ ಎರಡನೆಯದು, ಲೆಕ್ಕ ಮುಗಿದ ಮೇಲೆ ಮೂರನೆಯದು. ಲೆಕ್ಕದ ಹತ್ತು ನಿಮಿಷದೊಳಗೆ ನಿಲುಗಡೆಯೇ ಇಲ್ಲ. ಅದನ್ನು ಆರಂಭದಲ್ಲಿಯೇ ಸಭೆಗೆ ತಿಳಿಸಿ, ಲೆಕ್ಕ ಹಿಡಿಯುವ ಮುನ್ನ ಮತ್ತೊಮ್ಮೆ ಹೇಳುತ್ತೇನೆ.

ಆ ಹತ್ತು ನಿಮಿಷ ಯಾಕೆ ಬಿಗಿಯಾಗಿರಬೇಕು ಎಂಬುದು ಲೆಕ್ಕವನ್ನೇ ನೋಡಿದರೆ ತಿಳಿಯುತ್ತದೆ. ಮಳೆಯಾಶ್ರಿತ ಗೋವಿನಜೋಳಕ್ಕೆ ಎಕರೆಗೆ 40 ಕೆ.ಜಿ. ಸಾರಜನಕ, 20 ಕೆ.ಜಿ. ರಂಜಕ ಬೇಕು ಎಂದು ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ರಂಜಕದಿಂದ ಹೊರಡಬೇಕು. ಡಿಎಪಿಯ 100 ಕೆ.ಜಿ.ಯಲ್ಲಿ 46 ಕೆ.ಜಿ. ರಂಜಕವಿರುವುದರಿಂದ 20 ಕೆ.ಜಿ.ಗೆ ಸುಮಾರು 43.5 ಕೆ.ಜಿ. ಡಿಎಪಿ ಸಾಕು. ಅದೇ ಡಿಎಪಿಯಲ್ಲಿ ಶೇಕಡಾ 18 ಸಾರಜನಕವೂ ಇರುವುದರಿಂದ 7.8 ಕೆ.ಜಿ. ಸಾರಜನಕ ಆಗಲೇ ಹೊಲಕ್ಕೆ ಬಿದ್ದಂತಾಯಿತು. ಅದನ್ನು 40ರಲ್ಲಿ ಕಳೆದರೆ ಉಳಿಯುವ 32.2 ಕೆ.ಜಿ.ಗೆ ಮಾತ್ರ ಯೂರಿಯಾ ಲೆಕ್ಕ ಹಾಕಬೇಕು. ಯೂರಿಯಾದಲ್ಲಿ ಶೇಕಡಾ 46 ಸಾರಜನಕವಿರುವುದರಿಂದ ಸುಮಾರು 70 ಕೆ.ಜಿ., ಅಂದರೆ 45 ಕೆ.ಜಿ.ಯ ಒಂದೂವರೆ ಚೀಲಕ್ಕಿಂತ ತುಸು ಹೆಚ್ಚು. ಇಲ್ಲಿ 7.8 ಎಂಬ ಅಂಕಿಯನ್ನು ಕೇಳುಗರು ಅರ್ಧ ನಿಮಿಷವಾದರೂ ಮನಸ್ಸಿನಲ್ಲಿ ಹಿಡಿದಿರಬೇಕು. ಆ ಅರ್ಧ ನಿಮಿಷದಲ್ಲಿ ವಿಮೆಯ ಮಾತು ನುಗ್ಗಿದರೆ, ಕಳೆಯುವ ಹಂತವೇ ತಪ್ಪಿಹೋಗಿ 40 ಕೆ.ಜಿ.ಗೂ ಯೂರಿಯಾವನ್ನೇ ಹಾಕುವ ಲೆಕ್ಕ ಅವರ ತಲೆಯಲ್ಲಿ ಉಳಿಯುತ್ತದೆ. ಹಾಗೆ ಆಗಿದೆಯೇ ಎಂದು ತಿಳಿಯುವುದು ಸುಲಭ: ಎಷ್ಟು ಯೂರಿಯಾ ಎಂದು ಕೇಳಿದಾಗ 87 ಎಂಬ ಉತ್ತರ ಬಂದರೆ ಕಳೆಯುವ ಹಂತ ಕೈತಪ್ಪಿದೆ ಎಂದೇ ಅರ್ಥ.

ಈ ಲೆಕ್ಕದ ನಡುವೆಯೇ ಹಿರಿಯರೊಬ್ಬರು, “ಸರ, ಡಿಎಪಿ ಎಲ್ಲಿ ಸಿಗತೈತ್ರಿ? 20-20 ಹಾಕಿದ್ರ ನಡೀತೈತೇನು?” ಎಂದು ಕೇಳಿದ್ದರು. ಪ್ರಶ್ನೆ ವಿಷಯಕ್ಕೆ ಸಂಬಂಧಿಸಿದ್ದೇ, ಬಹಳ ಒಳ್ಳೆಯದು ಕೂಡ. ಆದರೂ ಆಗ ಉತ್ತರಿಸಿದ್ದರೆ ಎರಡು ಗೊಬ್ಬರಗಳ ಅಂಕಿಗಳು ಒಂದರೊಳಗೊಂದು ಕಲಸಿಹೋಗುತ್ತಿದ್ದವು. ನಾನು ಹೇಳಿದ್ದು ಇಷ್ಟೇ: “ನಡೀತೈತ್ರಿ ಯಜಮಾನ್ರ. ಆ ಲೆಕ್ಕಾನೂ ಮಾಡೋಣು, ಇದೊಂದು ಮುಗೀಲಿ.” ಪಟ್ಟಿ ಬರೆಯುವವರು ಅದನ್ನು ಬರೆದುಕೊಂಡರು, ನಾನು ಬಿಟ್ಟಲ್ಲಿಂದಲೇ ಮುಂದುವರಿದೆ. ಮೂರನೆಯ ನಿಲುಗಡೆಯಲ್ಲಿ ಆ ಪ್ರಶ್ನೆಯನ್ನೇ ಇಡೀ ಸಭೆಗೆ ಲೆಕ್ಕವಾಗಿ ಕೊಟ್ಟೆ. 20:20:0:13 ಗೊಬ್ಬರದಲ್ಲಿ ರಂಜಕ ಶೇಕಡಾ 20 ಆದ್ದರಿಂದ 20 ಕೆ.ಜಿ.ಗೆ 100 ಕೆ.ಜಿ., ಅಂದರೆ 50 ಕೆ.ಜಿ.ಯ ಎರಡು ಚೀಲ ಬೇಕು. ಅದರಿಂದಲೇ 20 ಕೆ.ಜಿ. ಸಾರಜನಕವೂ ಬರುತ್ತದೆ, ಉಳಿದ 20ಕ್ಕೆ ಯೂರಿಯಾ ಸುಮಾರು 43.5 ಕೆ.ಜಿ., ಒಂದು ಚೀಲಕ್ಕೂ ತುಸು ಕಡಿಮೆ. ಜೊತೆಗೆ ಗಂಧಕ ಬೇರೆ ಸಿಗುತ್ತದೆ. ಮುಂದಿನ ಸಾಲಿನ ಇಬ್ಬರು ನನಗಿಂತ ಮೊದಲೇ ಬಾಯಿಲೆಕ್ಕದಲ್ಲಿ ಉತ್ತರ ಹೇಳಿದರು. ಮುಂದಕ್ಕೆ ಹಾಕಿದ ಪ್ರಶ್ನೆ ಸರಿಯಾದ ಜಾಗಕ್ಕೆ ಬಂದರೆ ಹೀಗೆ ಅಭ್ಯಾಸದ ಲೆಕ್ಕವಾಗಿ ಒದಗುತ್ತದೆ.

ಯಾವ ಪ್ರಶ್ನೆಗೆ ಆಗಲೇ ಉತ್ತರಿಸಬೇಕು, ಯಾವುದನ್ನು ಪಟ್ಟಿಗೆ ಹಾಕಬೇಕು ಎಂಬುದನ್ನು ಕ್ಷಣದಲ್ಲಿ ತೀರ್ಮಾನಿಸಬೇಕಾಗುತ್ತದೆ. ಉತ್ತರ ಸಿಗದಿದ್ದರೆ ಈ ವ್ಯಕ್ತಿಗೆ ನನ್ನ ಮುಂದಿನ ಮಾತು ಅರ್ಥವಾಗದೇ ಹೋಗುತ್ತದೆಯೇ ಎಂದು ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ. ರಂಜಕ ಅಂದರೆ ಯಾವುದು ಎಂದು ಯಾರಾದರೂ ಕೇಳಿದರೆ ಲೆಕ್ಕದ ನಡುವೆಯಾದರೂ ನಿಲ್ಲಿಸಿ ಹೇಳಲೇಬೇಕು. ಅದು ಅಡ್ಡಿಯಲ್ಲ, ಕೊಂಡಿ ಕಳಚಿರುವುದರ ಸೂಚನೆ. ಮುಂದೆ ಬರಲಿರುವ ಸಂಗತಿಯಾದರೆ ಯಾವ ನಿಲುಗಡೆಯಲ್ಲಿ ಬರುತ್ತದೆ ಎಂದು ಹೆಸರಿಸಿ ಮುಂದುವರಿಯುತ್ತೇನೆ. ಉಳಿದದ್ದು ಪಟ್ಟಿಗೆ.

ಪಟ್ಟಿಯನ್ನು ನಾನು ಬರೆಯುವುದಿಲ್ಲ. ಸಭೆ ಬೆನ್ನ ಹಿಂದಾದರೆ ಮಾತಿನ ಹಿಡಿತ ಸಡಿಲವಾಗುತ್ತದೆ, ಆದ್ದರಿಂದ ಊರಿನ ಕೃಷಿ ಸಖಿಯನ್ನೋ ಅಕ್ಷರ ಚೆನ್ನಾಗಿರುವ ಯುವಕನನ್ನೋ ಮೊದಲೇ ಕೇಳಿಕೊಂಡಿರುತ್ತೇನೆ. ಹಿಂದಿನ ಸಾಲಿಗೂ ಕಾಣುವಂತೆ ದಪ್ಪ ಮಾರ್ಕರಿನಲ್ಲಿ, ಚಾರ್ಟ್ ಹಾಳೆಯ ಮೇಲೆ, ಕೇಳಿದವರ ಹೆಸರಿನ ಮುಂದೆ ಅವರದೇ ಮಾತುಗಳಲ್ಲಿ ಬರೆಯಬೇಕು ಎಂಬುದೊಂದೇ ನಿಯಮ. “ಸೊಸೈಟ್ಯಾಗ ಯೂರಿಯಾ ಬಂದ ದಿನಾ ಖಾಲಿ ಅಕ್ಕೈತಿ” ಎಂದು ಕೇಳಿದವರ ಪ್ರಶ್ನೆಯನ್ನು “ಯೂರಿಯಾ ಪೂರೈಕೆ” ಎಂದು ಬರೆದರೆ ಅವರ ದೂರಿನ ತಿರುಳೇ ಹೋಗಿಬಿಡುತ್ತದೆ. ಗೊಬ್ಬರ ಬರುತ್ತಿಲ್ಲ ಎಂಬುದು ಅವರ ದೂರಲ್ಲ, ಬಂದದ್ದು ತಮ್ಮ ಕೈಗೆ ಸಿಗುತ್ತಿಲ್ಲ ಎಂಬುದು. ಬರೆದು ಮುಗಿಯುವ ತನಕ ಕೇಳಿದವರ ಕಣ್ಣು ಹಾಳೆಯ ಮೇಲೇ ಇರುತ್ತದೆ; ತಮ್ಮ ಮಾತು ಅಲ್ಲಿ ಕಂಡ ಮೇಲೆ ಅವರು ನೆಮ್ಮದಿಯಿಂದ ಕುಳಿತು ಕೇಳುತ್ತಾರೆ.

ನಿಲುಗಡೆಗೆ ನಾಲ್ಕೈದು ನಿಮಿಷ ಸಾಕು. ಅಲ್ಲಿ “ಡೌಟ್ ಏನಾದ್ರೂ ಐತೇನ್ರಿ?” ಎಂದು ಕೇಳಿದರೆ ಮೌನವೇ ಉತ್ತರ. ಹಾಗಾಗಿ ಪ್ರಶ್ನೆಯನ್ನು ನಾನೇ ಹಾಕುತ್ತೇನೆ: ನಿಮ್ಮ ಹೊಲದಲ್ಲಿ ಎಲ್ಲಿಯ ಮಣ್ಣು ತೆಗೆಯಬಾರದು? ಬದುವಿನ ಪಕ್ಕ, ಗಿಡದ ನೆರಳು, ತಿಪ್ಪೆ ಹಾಕಿದ ಜಾಗ ಎಂದು ಒಬ್ಬೊಬ್ಬರಾಗಿ ಹೇಳಲು ಹೊರಟಾಗ ಅವರ ನಿಜವಾದ ಅನುಮಾನಗಳೂ ಹೊರಬರುತ್ತವೆ. ಚಹಾ ಬರುವುದನ್ನೂ ತಡವಾಗಿ ಬಂದ ಪಂಚಾಯಿತಿ ಸದಸ್ಯರ ಸ್ವಾಗತವನ್ನೂ ಸಂಘಟಕರೊಂದಿಗೆ ಮಾತನಾಡಿ ಎರಡನೆಯ ನಿಲುಗಡೆಗೆ ಕಟ್ಟಿಹಾಕಿರುತ್ತೇನೆ. ಲೋಟಗಳ ಸದ್ದಿನ ನಡುವೆ ಲೆಕ್ಕ ಹೇಳಲಾಗದು.

ಪಟ್ಟಿಗೆ ಹಾಕಬಾರದ ಪ್ರಶ್ನೆಗಳೂ ಇವೆ. ಮಳೆಗಾಲದ ಒಂದು ಸಭೆಯಲ್ಲಿ ಹೆಣ್ಣುಮಗಳೊಬ್ಬರು ನಡುವೆ ಎದ್ದು, “ಮೊನ್ನಿ ರಾತ್ರಿ ಹಳ್ಳದ ನೀರು ಹೊಲಕ್ಕ ನುಗ್ಗೈತ್ರಿ, ವಿಮಾ ಬರ್ತೈತೇನ್ರಿ?” ಎಂದು ಕೇಳಿದರು. ನಾನು ಹೇಳುತ್ತಿದ್ದ ವಿಷಯಕ್ಕೂ ಅದಕ್ಕೂ ಯಾವ ನಂಟೂ ಇರಲಿಲ್ಲ. ಆದರೆ ಫಸಲ್ ಬಿಮಾ ಯೋಜನೆಯಲ್ಲಿ ಇಂತಹ ಸ್ಥಳೀಯ ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಅವರ ಕೈಯಲ್ಲಿ ಉಳಿದಿದ್ದದ್ದು ಒಂದೇ ದಿನ. ಮಾತು ನಿಲ್ಲಿಸಿ, ವಿಮೆ ಮಾಡಿಸಿದ ರಸೀದಿ ಹಿಡಿದುಕೊಂಡು ಈಗಲೇ ಫೋನ್ ಮೂಲಕ ಹಾನಿ ದಾಖಲಿಸಿ ಎಂದು ಹೇಳಿ, ಪಕ್ಕದಲ್ಲಿದ್ದ ಸಹಾಯಕರನ್ನು ಅವರ ಜೊತೆ ಹೊರಗೆ ಕಳಿಸಿದೆ. ಗಡುವು ಇರುವ ಪ್ರಶ್ನೆಯನ್ನು ವಿಷಯಕ್ಕೆ ಹೊರತು ಎಂಬ ಕಾರಣಕ್ಕೆ ಕಾಯಿಸುವುದು ಅನ್ಯಾಯ. ಹಾಗೆಯೇ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಲ್ಲಿ ಮೂರು ನಾಲ್ಕು ಸಲ ಬಂದರೆ ಅದನ್ನು ಅಡ್ಡಿ ಎಂದು ಎಣಿಸುವುದಿಲ್ಲ. ಆ ದಿನ ಆ ಊರಿಗೆ ಬೇಕಾದ ವಿಷಯವೇ ಅದು ಎಂದು ತಿಳಿದು, ಚೀಟಿಯ ಓದನ್ನು ಮೊಟಕುಗೊಳಿಸಿ ಅದಕ್ಕೆ ಸಮಯ ಮಾಡುತ್ತೇನೆ.

ಕೊನೆಯ ಹತ್ತು ನಿಮಿಷವನ್ನು ಏನೇ ಆದರೂ ಪಟ್ಟಿಗೆ ಮೀಸಲಿಡುತ್ತೇನೆ. ಹೊತ್ತಾದರೆ ನನ್ನ ವಿಷಯವನ್ನೇ ಕತ್ತರಿಸುತ್ತೇನೆ. ಒಮ್ಮೆ ಪಟ್ಟಿಗೆ ಉತ್ತರ ಸಿಗದಿದ್ದರೆ ಮುಂದಿನ ಸಲ ಆ ಊರಿನಲ್ಲಿ ಯಾರೂ ಪಟ್ಟಿಗೆ ಒಪ್ಪುವುದಿಲ್ಲ, ಪ್ರಶ್ನೆಗಳು ಪಕ್ಕದವರ ಕಿವಿಯಲ್ಲಿ ಗುಸುಗುಸು ಶುರುವಾಗುತ್ತವೆ. ಹೊರಡುವ ಅವಸರದಲ್ಲಿರುವವರ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ನನಗೆ ಗೊತ್ತಿರುವುದಕ್ಕೆ ಅಲ್ಲೇ ಉತ್ತರಿಸಿ ಗೆರೆ ಎಳೆಯಿಸುತ್ತೇನೆ. ಹಂದಿ ಕಾಟದಂತಹದ್ದಕ್ಕೆ, ಪರಿಹಾರದ ಅರ್ಜಿ ಅರಣ್ಯ ಇಲಾಖೆಯ ವಲಯ ಕಚೇರಿಗೆ ಹೋಗಬೇಕು ಎಂದು ದಾರಿ ತೋರಿಸಿ, ಅದನ್ನು ಕೇಳಿದವರ ಹೆಸರಿನ ಮುಂದೆ ಬರೆಯಿಸುತ್ತೇನೆ. ಯೂರಿಯಾ ಹಂಚಿಕೆಯ ದೂರು ನನ್ನ ಕೈಯಲ್ಲಿಲ್ಲ ಎಂದು ನೇರವಾಗಿಯೇ ಹೇಳಿ, ಹೋಬಳಿಯ ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಗೆ ಅವರದೇ ಮಾತುಗಳಲ್ಲಿ ತಲುಪಿಸುತ್ತೇನೆ. ಹಾಳೆಯ ಫೋಟೋ ಊರಿನ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಗೆರೆ ಬೀಳದ ಸಾಲುಗಳನ್ನು ನನ್ನ ಡೈರಿಗೆ ಇಳಿಸಿಕೊಂಡು, ಅದೇ ಊರಿನ ಮುಂದಿನ ಸಭೆಯನ್ನು ಅವುಗಳಿಂದಲೇ ಆರಂಭಿಸುತ್ತೇನೆ.