ಏಳು ಬೈ ಮುನ್ನೂರ ನಲವತ್ತೆರಡನ್ನು ‘ಬೈ’ ಇಲ್ಲದೆ ಬರೆಯುವುದು

ಕಾಸರಗೋಡಿನ ಮನೆ ನಂಬ್ರದಲ್ಲಿ ಓರೆಗೆರೆ ತಪ್ಪುವುದಿಲ್ಲ. ಮೊದಲು ವಾರ್ಡಿನ ಸಂಖ್ಯೆ, ನಂತರ ಓರೆಗೆರೆ, ಆಮೇಲೆ ಮನೆಯ ಸಂಖ್ಯೆ: 7/342. ಹಳೆಯ ಕಾಗದಗಳಲ್ಲಿ ವಾರ್ಡು ರೋಮನ್ ಅಂಕೆಯಲ್ಲಿ VII/342 ಎಂದಿರುತ್ತದೆ, ಕೆಲವದರಲ್ಲಿ ಪಂಚಾಯತಿನ ಮೊದಲಕ್ಷರಗಳೂ ಸೇರಿರುತ್ತವೆ. ಇದನ್ನು ಇದ್ದ ಹಾಗೆಯೇ ಆನ್‌ಲೈನ್ ಅರ್ಜಿಯ ವಿಳಾಸದ ಕಳದಲ್ಲಿ ಟೈಪ್ ಮಾಡಿದರೆ ಎಷ್ಟೋ ಕಡೆ Special characters not allowed ಎಂಬ ಕೆಂಪು ಸಾಲು ಬರುತ್ತದೆ. ಯಾವ ಚಿಹ್ನೆ ತಪ್ಪು ಎಂದು ಮಾತ್ರ ಹೇಳುವುದಿಲ್ಲ.

ಆಗ ಹೆಚ್ಚಿನವರು ಓರೆಗೆರೆಯನ್ನು ಅಳಿಸಿ 7342 ಎಂದು ಬರೆದುಬಿಡುತ್ತಾರೆ. ಕಳ ಸ್ವೀಕರಿಸುತ್ತದೆ, ಅರ್ಜಿ ಮುಂದಕ್ಕೆ ಹೋಗುತ್ತದೆ. ಆದರೆ ಊರಿನ ವಾರ್ಡುಗಳನ್ನು ಅರಿಯದವರಿಗೆ 7342 ಎಂಬುದು 7/342 ಎಂದೂ ತೋರಬಹುದು, 73/42 ಅಥವಾ 734/2 ಎಂದೂ ತೋರಬಹುದು. ಪರಿಶೀಲಿಸುವವರ ಮುಂದೆ ನಿಮ್ಮ ದಾಖಲೆಯಲ್ಲಿ ಒಂದು ನಂಬ್ರ, ಅರ್ಜಿಯಲ್ಲಿ ಇನ್ನೊಂದು. ಓರೆಗೆರೆ ಅಲಂಕಾರಕ್ಕೆ ಇದ್ದದ್ದಲ್ಲ, ಎರಡು ಅಂಕೆಗಳನ್ನು ಬೇರೆಯಾಗಿ ಇಡುತ್ತಿತ್ತು. ಅದನ್ನು ತೆಗೆದಮೇಲೆ ಆ ಕೆಲಸಕ್ಕೆ ಬೇರೆ ಏನನ್ನಾದರೂ ಇಡಲೇಬೇಕು.

ತಂತ್ರಾಂಶ ಈ ಚಿಹ್ನೆಗಳನ್ನು ದೂರ ಇಡುವುದಕ್ಕೆ ಅದರದೇ ಕಾರಣಗಳಿವೆ. ದತ್ತಾಂಶವನ್ನು ಅಲ್ಪವಿರಾಮದಿಂದ ಬೇರ್ಪಟ್ಟ ಫೈಲಾಗಿ ಇನ್ನೊಂದು ಕಚೇರಿಗೆ ಕಳಿಸುವಾಗ, ಸರಿಯಾಗಿ ತಯಾರಿಸದ ಫೈಲಿನಲ್ಲಿ ವಿಳಾಸದ ಅಲ್ಪವಿರಾಮವೇ ಹೊಸ ಕಂಬಸಾಲು ಎನಿಸಿಕೊಂಡು ಪಿನ್ ಕೋಡ್ ಪಕ್ಕದ ಕೋಣೆಗೆ ಜಾರುತ್ತದೆ. ಓರೆಗೆರೆ ಫೈಲಿನ ದಾರಿಯಲ್ಲೂ ಜಾಲತಾಣದ ವಿಳಾಸದಲ್ಲೂ ವಿಭಾಜಕ. ಎರಡು ಅಡ್ಡಗೆರೆ ಒಟ್ಟಿಗೆ ಬಂದರೆ, ದತ್ತಾಂಶ ಕೋಶಕ್ಕೆ ಆಜ್ಞೆ ಕೊಡುವ ಎಸ್‌ಕ್ಯೂಎಲ್ ಭಾಷೆಯಲ್ಲಿ ಆ ಸಾಲಿನ ಮುಂದಿನದ್ದೆಲ್ಲ ಯಂತ್ರ ಲೆಕ್ಕಿಸದ ಬರೀ ಟಿಪ್ಪಣಿ, ಕಿಡಿಗೇಡಿಗಳು ದುರುಪಯೋಗಪಡಿಸುವ ಜಾಗವೂ ಅದೇ. ಇವನ್ನು ಒಂದೊಂದಾಗಿ ನಿಭಾಯಿಸುವ ಬದಲು ಎಲ್ಲವನ್ನೂ ಹೊರಗಿಡುವ ಈ ಒಂದು ಸಾಲನ್ನು ಬರೆದು ಕೈತೊಳೆದುಕೊಳ್ಳುವುದು ಸುಲಭ. ಸೋಮಾರಿತನವೇ ಹೌದು, ಆದರೆ ಬಳಕೆದಾರರು ಅದನ್ನು ಬದಲಿಸಲಾರರು:

```
^[A-Za-z0-9 ]+$
```

ಇದರ ಅರ್ಥ: ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ, ಸೊನ್ನೆಯಿಂದ ಒಂಬತ್ತರವರೆಗಿನ ಅಂಕೆ, ಖಾಲಿ ಜಾಗ. ಬೇರೆ ಏನೂ ಇಲ್ಲ.

ಈಗ ಒಂದು ವಿಳಾಸವನ್ನೇ ತೆಗೆದುಕೊಳ್ಳೋಣ. ಮನೆಯ ಹೆಸರೂ ನಂಬ್ರವೂ ಉದಾಹರಣೆಗಾಗಿ ಕಟ್ಟಿದವು.

```
7/342-A, Kodimoole House, Near Shiva Temple,
Perla P.O., Enmakaje, Kasaragod, Kerala - 671552
```

ಮೊದಲು ನಂಬ್ರ. ಇಲ್ಲಿ ಎರಡು ಚಿಹ್ನೆಗಳಿವೆ, ಎರಡಕ್ಕೂ ಒಂದೇ ಮದ್ದು ಅಲ್ಲ. ಅಂಕೆ ಮತ್ತು ಅಂಕೆಯ ನಡುವೆ ಇರುವ ಗೆರೆಯನ್ನು ಅಳಿಸಿ ಕೂಡಿಸಬಾರದು, ಅಲ್ಲಿ ಖಾಲಿ ಜಾಗವನ್ನೋ ಶಬ್ದವನ್ನೋ ಇಡಬೇಕು. ಅಂಕೆ ಮತ್ತು ಅಕ್ಷರದ ನಡುವಿನ ಗೆರೆಯನ್ನು ಸಾಮಾನ್ಯವಾಗಿ ಧೈರ್ಯವಾಗಿ ತೆಗೆಯಬಹುದು, 342-A ಯನ್ನು 342A ಎಂದು ಬರೆದರೂ ಗಡಿ ಕಣ್ಣಿಗೆ ಕಾಣುತ್ತದೆ. ಮನೆ ಪಾಲಾಗಿ 7/342/1 ಆಗಿದ್ದರೆ 7 342 1 ಎಂದರೆ ಓದುವವರಿಗೆ ಗೊಂದಲ, ಆಗ ಶಬ್ದವೇ ಲೇಸು: Ward 7 Door 342 by 1. ಬಾಯಲ್ಲಿ ನಾವು ಹೇಳುವುದೂ ‘ಬೈ’ ಎಂದೇ ತಾನೆ! ರೋಮನ್ ಅಂಕೆಯಾದರೆ ಇನ್ನೂ ಎಚ್ಚರ. XI/1 ಅನ್ನು XI1 ಎಂದು ಕೂಡಿಸಿದರೆ ಕೊನೆಯದು ಒಂದೋ ದೊಡ್ಡ ಐ ಅಕ್ಷರವೋ ಹೇಳಲಾಗದು. XI 1 ಎಂದು ಬಿಡಿಸಿ ಬರೆಯಿರಿ.

ಉಳಿದದ್ದು ಸುಲಭ. P.O. ಎಂಬುದು PO ಆಗುತ್ತದೆ, ಚುಕ್ಕಿ ಹೋದರೆ ನಷ್ಟವಿಲ್ಲ. C/O ಇದ್ದರೆ Care of ಎಂದು ಬಿಡಿಸಿ ಬರೆಯಬಹುದು, ಜಾಗ ಸಾಲದಿದ್ದರೆ CO. ಅಲ್ಪವಿರಾಮದ ಕಡೆ ಖಾಲಿ ಜಾಗ ಸಾಕು, ಸಾಲುಗಳು ಬೇರೆ ಬೇರೆ ಕಳಗಳಲ್ಲಿದ್ದರೆ ಅದೂ ಬೇಡ. ಪಿನ್ನಿನ ಮುಂದಿನ ಅಡ್ಡಗೆರೆ ಬೇಡವೇ ಬೇಡ, ಅದಕ್ಕೆ ಪ್ರತ್ಯೇಕ ಕಳವಿದ್ದರೆ ಪಿನ್ನನ್ನೂ ಈ ಸಾಲಿನಿಂದ ತೆಗೆಯಿರಿ. ಹೀಗೆ ಸಿದ್ಧವಾದದ್ದು:

```
Ward 7 Door 342A Kodimoole House
Near Shiva Temple Perla PO
Enmakaje Kasaragod Kerala 671552
```

ಖಾಲಿ ಜಾಗ ಸೇರಿ ಮೊದಲನೆಯ ಮತ್ತು ಮೂರನೆಯ ಸಾಲು 32 ಅಕ್ಷರ, ಎರಡನೆಯದು 26. ಈ ಲೆಕ್ಕ ಏಕೆಂದರೆ ಕೆಲವು ಕಳಗಳಿಗೆ ಉದ್ದದ ಮಿತಿಯೂ ಇರುತ್ತದೆ. ಗಲ್ಫಿನಿಂದ ಹಣ ಬರುವಾಗ ಬ್ಯಾಂಕುಗಳು ಒಂದಕ್ಕೊಂದು ಕಳಿಸುವ ಸ್ವಿಫ್ಟ್ ಸಂದೇಶದ ಹಳೆಯ ಮಾದರಿಯಲ್ಲಿ ಹೆಸರು-ವಿಳಾಸಕ್ಕೆ ಒಟ್ಟು 4 ಸಾಲು, ಸಾಲಿಗೆ 35 ಅಕ್ಷರ ಇತ್ತು. ಅಲ್ಲಿ ಓರೆಗೆರೆಗೆ ಅನುಮತಿ ಇತ್ತು, ಆದರೆ ಮೊದಲ ಸಾಲನ್ನೇ ಓರೆಗೆರೆಯಿಂದ ಶುರು ಮಾಡಿದರೆ ಅದು ಖಾತೆ ಸಂಖ್ಯೆಯ ಸಾಲು ಎಂದಾಗಿಬಿಡುತ್ತಿತ್ತು. ಆದ್ದರಿಂದ 35ರೊಳಗೆ ನಿಲ್ಲುವ, ಚಿಹ್ನೆಯಿಲ್ಲದ ಸಾಲುಗಳನ್ನು ಒಮ್ಮೆ ರೂಪಿಸಿಕೊಂಡರೆ ಇಂಥ ಮಿತಿಯಿರುವ ಕಡೆಗೂ ಸಲ್ಲುತ್ತವೆ.

ಮನೆ ನಂಬ್ರಕ್ಕೇ ಪ್ರತ್ಯೇಕ ಕಳವಿದ್ದು, ಖಾಲಿ ಜಾಗವನ್ನೂ ಒಪ್ಪದೆ ಬರೀ ಅಂಕೆ ಕೇಳಿದರೆ? ಅಲ್ಲಿ 342 ಮಾತ್ರ ಹಾಕಿ, ಮುಂದಿನ ಸಾಲಿನಲ್ಲಿ Ward 7 Door 342A ಎಂದು ಪೂರ್ತಿ ಬರೆಯಿರಿ. ಜಾಗವೇ ಸಾಲದೆ ಏನನ್ನಾದರೂ ಬಿಡಬೇಕಾಗಿ ಬಂದರೆ ಹತ್ತಿರದ ಗುರುತನ್ನು ಬಿಡಿ. ಮನೆ ಹೆಸರು, ಅಂಚೆ ಕಚೇರಿ, ಪಿನ್ ಇವನ್ನು ಬಿಡಬೇಡಿ. ನಮ್ಮ ಕಡೆ ಅಂಚೆಯಣ್ಣ ಮನೆ ಹುಡುಕುವುದು ಹೆಸರಿನಿಂದ, ಪಂಚಾಯತಿನ ನಂಬ್ರದಿಂದಲ್ಲ.

ಎಲ್ಲ ಚಿಹ್ನೆ ತೆಗೆದರೂ ಕೆಂಪು ಸಾಲು ಹೋಗದಿದ್ದರೆ ಕಣ್ಣಿಗೆ ಬೀಳದ್ದೇನೋ ಒಳಗಿರಬಹುದು. ವಾಟ್ಸಾಪಿನಿಂದಲೋ ಪಿಡಿಎಫ್‌ನಿಂದಲೋ ನಕಲಿಸಿ ಅಂಟಿಸಿದಾಗ ಇದು ಸಾಮಾನ್ಯ. ಸಾದಾ ಖಾಲಿ ಜಾಗದಂತೆಯೇ ಕಾಣುವ, ಆದರೆ ಯಂತ್ರಕ್ಕೆ ಬೇರೆಯೇ ಆದ ಜಾಗ ಬಂದಿರುತ್ತದೆ. ಫೋನಿನ ಕೀಲಿಮಣೆ ಕನ್ನಡದಲ್ಲಿದ್ದರೆ 7ರ ಬದಲು ೭ ಬಿದ್ದಿರಬಹುದು, ಅದೂ ಮೇಲಿನ ಪಟ್ಟಿಯಲ್ಲಿಲ್ಲ. ಎಂಟರ್ ಒತ್ತಿದ್ದರಿಂದ ಸಾಲು ಮುರಿದಿರಬಹುದು. ಕೆಲವು ಕಳಗಳಿಗೆ ಕೊನೆಯಲ್ಲಿ ಉಳಿದ ಒಂದು ಖಾಲಿ ಜಾಗವೂ ಆಗದು, ಮತ್ತು ಫೋನು ಶಬ್ದ ಸೂಚಿಸುವಾಗ ಅದನ್ನು ತಾನಾಗಿಯೇ ಸೇರಿಸುತ್ತದೆ. ಹುಡುಕುವ ದಾರಿ ಇದು: ಕಳವನ್ನು ಪೂರ್ತಿ ಖಾಲಿ ಮಾಡಿ, ಇಂಗ್ಲಿಷ್ ಕೀಲಿಮಣೆಯಲ್ಲಿ Ward ಎಂಬ ಒಂದೇ ಶಬ್ದವನ್ನು ಕೈಯಿಂದ ಟೈಪ್ ಮಾಡಿ ಕಳದಿಂದ ಹೊರಬನ್ನಿ. ಒಪ್ಪಿದರೆ ಒಂದು ಖಾಲಿ ಜಾಗ ಮತ್ತು 7 ಸೇರಿಸಿ ಮತ್ತೆ ನೋಡಿ. ಹೀಗೆ ಸೇರಿಸುತ್ತ ಹೋದರೆ ಯಾವುದು ಸೇರಿದಾಗ ಕೆಂಪಾಯಿತೋ ಅದೇ ಕಳ್ಳ. ಮೊದಲ ಶಬ್ದವನ್ನೇ ಒಪ್ಪದಿದ್ದರೆ ಅಲ್ಲಿ ಅಂಕೆ ಕಡ್ಡಾಯವಿರಬಹುದು, ಅಥವಾ ಕನಿಷ್ಠ ಇಷ್ಟು ಅಕ್ಷರ ಬೇಕೆಂಬ ನಿಯಮವಿರಬಹುದು. ಪೂರ್ತಿ ಸಾಲನ್ನೇ ಕೈಯಿಂದ ಟೈಪ್ ಮಾಡಿ ನೋಡಿ.

ಕೆಂಪು ಸಾಲೇ ಬಾರದ ತಾಣಗಳು ಇನ್ನೂ ಅಪಾಯ. ಅವುಗಳಲ್ಲಿ ಕೆಲವು ಓರೆಗೆರೆಯನ್ನು ಒಪ್ಪಿದಂತೆ ನಟಿಸಿ, ಉಳಿಸುವಾಗ ಸದ್ದಿಲ್ಲದೆ ಅಳಿಸಿಬಿಡುತ್ತವೆ. ನೀವು ಹಾಕಿದ 7/342 ಒಳಗೆ 7342 ಆಗಿ ಕೂತಿರುತ್ತದೆ. ಉದ್ದ ಹೆಚ್ಚಾದರೆ ಬಾಲ ಕತ್ತರಿಸುವುದೂ ಹೀಗೆಯೇ. ಆದ್ದರಿಂದ ಹಣ ಕಟ್ಟುವ ಮೊದಲು ಪೂರ್ವನೋಟದಲ್ಲಿ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ. ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿಸುವವರಾದರೆ ಸಿದ್ಧಪಡಿಸಿದ ಸಾಲುಗಳನ್ನು ಚೀಟಿಯಲ್ಲಿ ಬರೆದು ಕೊಟ್ಟು, ಸಲ್ಲಿಸುವ ಮುಂಚೆ ಪರದೆಯನ್ನು ನಿಮ್ಮ ಕಡೆ ತಿರುಗಿಸಲು ಹೇಳಿ. ಜೊತೆಗೆ ಲಗತ್ತಿಸುವ ದಾಖಲೆಯಲ್ಲಿ ಓರೆಗೆರೆ ಇದ್ದ ಹಾಗೆಯೇ ಇರಲಿ, ಅದನ್ನು ತಿದ್ದಿಸಲು ಓಡಬೇಡಿ. ಅಂಕೆ, ಅಕ್ಷರ, ಅವುಗಳ ಕ್ರಮ ಮತ್ತು ಸಂಖ್ಯೆಗಳ ನಡುವಿನ ಗಡಿ ಒಂದೇ ಇದ್ದರೆ ಪರಿಶೀಲಿಸುವವರಿಗೆ ಹೋಲಿಸಲು ಸಾಮಾನ್ಯವಾಗಿ ಅಷ್ಟು ಸಾಕು. ವಾರ್ಡುಗಳ ಮರುವಿಂಗಡಣೆಯಾದಾಗ ವಾರ್ಡಿನ ಸಂಖ್ಯೆಯೇ ಬದಲಾಗಬಹುದು, ಹಾಗಾಗಿ ಚೀಟಿ ಬರೆಯುವ ಮುಂಚೆ ಈಚಿನ ಕಟ್ಟಡ ತೆರಿಗೆ ರಶೀದಿ ತೆಗೆದು ನಂಬ್ರ ಒಮ್ಮೆ ನೋಡಿಕೊಳ್ಳಿ.