ಪಾರ್ಸೆಲ್ ತಡವಾದಾಗ ಗ್ರಾಹಕರಿಗೆ ಏನು ಬರೆಯಬೇಕು?

ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಮಾಡಿ ಊರೂರಿಗೆ ಕಳುಹಿಸುವ ಸಣ್ಣ ಅಂಗಡಿಯೊಂದನ್ನು ಊಹಿಸಿಕೊಳ್ಳಿ. ಬೆಂಗಳೂರಿನ ಗ್ರಾಹಕರೊಬ್ಬರು ಭಾನುವಾರದ ಗೃಹಪ್ರವೇಶಕ್ಕೆಂದು 2 ಕೆ.ಜಿ. ಪುಡಿಗೆ 1,400 ರೂಪಾಯಿ ಕಟ್ಟಿದ್ದಾರೆ. ಶುಕ್ರವಾರ ತಲುಪಿಸುತ್ತೇವೆ ಎಂದಿದ್ದೀರಿ. ಇವತ್ತು ಗುರುವಾರ, ಬೀಜ ಇನ್ನೂ ಹುರಿದೇ ಇಲ್ಲ.

ಬರೆಯುವ ಮೊದಲು ಹುರಿಯುವವರನ್ನೂ ಕೊರಿಯರ್‌ನವರನ್ನೂ ಕೇಳಿ, ಖಂಡಿತ ತಲುಪಿಸಬಲ್ಲ ದಿನ ಯಾವುದೆಂದು ತಿಳಿದುಕೊಳ್ಳಿ. ಇಲ್ಲಿ ಅದು ಮಂಗಳವಾರ ಎನ್ನೋಣ. ‘ಆದಷ್ಟು ಬೇಗ’ ಎಂದರೆ ಕಾಯುವವರಿಗೆ ಏನೂ ತಿಳಿದಂತಾಗುವುದಿಲ್ಲ.

ಆಮೇಲೆ ಹೀಗೆ ಬರೆಯಿರಿ:

“ನಮಸ್ಕಾರ. ಶುಕ್ರವಾರ ತಲುಪಿಸುತ್ತೇವೆ ಎಂದಿದ್ದ ನಿಮ್ಮ 2 ಕೆ.ಜಿ. ಕಾಫಿಪುಡಿಯನ್ನು ನಾವಿನ್ನೂ ಕಳುಹಿಸಿಲ್ಲ. ಕೈಲಾಗುವುದಕ್ಕಿಂತ ಹೆಚ್ಚು ಆರ್ಡರ್ ಒಪ್ಪಿಕೊಂಡೆವು. ತಪ್ಪು ನಮ್ಮದು, ಕ್ಷಮಿಸಿ. ಭಾನುವಾರದ ಗೃಹಪ್ರವೇಶಕ್ಕೆ ಪುಡಿ ಸಿಗುವುದಿಲ್ಲ, ದಯವಿಟ್ಟು ಅಲ್ಲೇ ಕೊಂಡುಕೊಳ್ಳಿ. ಆರ್ಡರ್ ಬೇಡವೆಂದರೆ 1,400 ರೂಪಾಯಿ ಇವತ್ತೇ ವಾಪಸ್ ಹಾಕುತ್ತೇವೆ. ಬೇಕೆಂದರೆ ಮಂಗಳವಾರ ತಲುಪುತ್ತದೆ, ಕೊರಿಯರ್ ಖರ್ಚು ನಮ್ಮದು. ಯಾವುದೆಂದು ತಿಳಿಸಿ.”

ಇದರಲ್ಲಿ ಮಳೆಯ ನೆಪವಿಲ್ಲ, ಕರೆಂಟಿನ ನೆಪವಿಲ್ಲ, ಘಾಟಿ ರಸ್ತೆಯ ನೆಪವಿಲ್ಲ. ಮಲೆನಾಡಿನ ಮಳೆ ನಿಜವೇ ಇರಬಹುದು. ಆದರೆ ಮಳೆಗಾಲದಲ್ಲಿ ಶುಕ್ರವಾರವೆಂದು ಒಪ್ಪಿದವರು ನಾವೇ. ಒಂದು ವಾಕ್ಯದ ಕಾರಣ ಸಾಕು, ಅದೂ ನಮ್ಮ ಕೈಯಲ್ಲಿದ್ದ ಕಾರಣವಾಗಿರಬೇಕು. ‘ಆದರೆ’ ಎಂಬ ಪದ ಕ್ಷಮೆಯ ಬೆನ್ನಿಗೇ ಬಂದಿದ್ದರೆ ಆ ಸಾಲನ್ನು ಹೊಡೆದು ಹಾಕಿ. ‘ನಿಮಗೆ ಬೇಸರವಾಗಿದ್ದರೆ ಕ್ಷಮಿಸಿ’ ಎನ್ನುವುದಂತೂ ಬೇಡವೇ ಬೇಡ, ತಪ್ಪು ಅವರ ಬೇಸರದ ಮೇಲೆ ಹೋಗಿ ಕೂರುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಗೃಹಪ್ರವೇಶದ ಸಾಲು. ಅದನ್ನು ಗುರುವಾರವೇ ಹೇಳಿದರೆ ಅವರಿಗೆ ಬೇರೆ ಪುಡಿ ತರಲು ಎರಡು ದಿನ ಸಿಗುತ್ತದೆ.

ಕನ್ನಡ ಓದಲು ಬಾರದವರು ಆ ಮನೆಯಲ್ಲಿದ್ದರೆ ಕೆಳಗೇ ಇಂಗ್ಲಿಷ್ ಸೇರಿಸಿ. ಇಲ್ಲಿ ಅನೇಕರು ಎಲ್ಲೋ ಓದಿದ ಕಚೇರಿ ಇಂಗ್ಲಿಷಿಗೆ ಹೋಗುತ್ತಾರೆ. ‘ಇನ್‌ಕನ್ವೀನಿಯನ್ಸ್ ಈಸ್ ರಿಗ್ರೆಟೆಡ್’ ಎಂದಾಗ ವಿಷಾದಿಸುವವರು ಯಾರೆಂದೇ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಒಪ್ಪಿಕೊಂಡ ತಪ್ಪು ಇಂಗ್ಲಿಷಿನಲ್ಲಿ ಮಾಯವಾಗಿರುತ್ತದೆ. ಚಿಕ್ಕ ವಾಕ್ಯ ಸಾಕು: “ವಿ ಹ್ಯಾವ್ ನಾಟ್ ಸೆಂಟ್ ಯುವರ್ ಕಾಫಿ ಪೌಡರ್. ವಿ ಟುಕ್ ಮೋರ್ ಆರ್ಡರ್ಸ್ ದ್ಯಾನ್ ವಿ ಕುಡ್ ಹ್ಯಾಂಡಲ್. ದಿಸ್ ಈಸ್ ಅವರ್ ಫಾಲ್ಟ್, ಅಂಡ್ ವಿ ಆರ್ ಸಾರಿ.” ಮುಂದೆ ಗೃಹಪ್ರವೇಶದ ಮಾತು, ಹಣ, ಮಂಗಳವಾರ, ಕೊರಿಯರ್ ಖರ್ಚು ಅದೇ ಕ್ರಮದಲ್ಲಿ ಬರಲಿ.

ಕಳುಹಿಸುವ ಮುನ್ನ ಎರಡನ್ನೂ ಅಕ್ಕಪಕ್ಕ ಇಟ್ಟು ದಿನ ಮತ್ತು ಮೊತ್ತ ಹೋಲಿಸಿ. ತಾರೀಕು ಸೇರಿಸುವುದಾದರೆ ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ.

ಅವರು ಮಂಗಳವಾರಕ್ಕೆ ಒಪ್ಪಿದರೆ, ಪಾರ್ಸೆಲ್ ಹೊರಟ ದಿನವೇ ಕೊರಿಯರ್ ರಸೀದಿಯ ನಂಬರ್ ಕಳುಹಿಸಿ. ಆ ದಿನವೂ ತಪ್ಪುವಂತಿದ್ದರೆ ಇನ್ನೊಂದು ಮೆಸೇಜ್ ಬರೆಯಬೇಡಿ, ಫೋನ್ ಮಾಡಿ.