ಇಳಕಲ್ ಸೀರೆಗೆ ಬಂಗಾರವೋ, ಬೆಳ್ಳಿಯೋ?

ಅಕ್ಕಂದಿರೇ, ಒಡವೆ ಆರಿಸುವಾಗ ಮೈ ಕಪ್ಪೋ ಬಿಳುಪೋ ಎಂದಲ್ಲ, ಅದರ ಒಳಛಾಯೆ ನೋಡಿ. ರಾಯಚೂರಿನ ಬಿಸಿಲಿಗೆ ಮುಖ, ಮುಂಗೈ ಕಂದಿರುತ್ತವೆ, ಅವನ್ನು ನಂಬಬೇಡಿ. ಹಗಲು ಬೆಳಕಿನಲ್ಲಿ, ಬಿಸಿಲು ತಾಗದ ಒಳತೋಳಿನ ಪಕ್ಕ ಬಿಳಿ ಕಾಗದ ಹಿಡಿಯಿರಿ. ಹಳದಿ, ಜೇನಿನ ಛಾಯೆ ಕಂಡರೆ ಬೆಚ್ಚನೆಯದು. ಗುಲಾಬಿ, ನೇರಳೆ ಛಾಯೆ ಕಂಡರೆ ತಂಪಿನದು. ಕೈನರದ ಬಣ್ಣ ನೋಡುವ ಉಪಾಯ ಕಡುಗಂದು ಮೈಗೆ ಅಷ್ಟಾಗಿ ಒದಗುವುದಿಲ್ಲ.

ನನ್ನ ನಾದಿನಿಯದು ಕಪ್ಪು ಮೈ, ತಂಪು ಛಾಯೆ. ಕಡುನೀಲಿ ಒಡಲು, ಕೆಂಪು ಸೆರಗಿನ ಇಳಕಲ್ ಸೀರೆಗೆ ಹವಳದ ಬಂಗಾರದ ಜುಮಕಿ ಹಾಕಿದ್ದಳು. ಹವಳದ ಕೆಂಪಿನಲ್ಲಿ ಕಿತ್ತಳೆ ಬೆರೆತಿರುತ್ತದೆ. ಗುಲಾಬಿಗೆ ವಾಲಿದ ಆ ಸೆರಗಿನೊಡನೆ ಅದು ಜಗಳಕ್ಕೇ ನಿಂತಿತ್ತು. ಬೆಳ್ಳಿಯಲ್ಲಿ ಕೂರಿಸಿದ ಮಾಣಿಕ್ಯ ಬಣ್ಣದ ಹರಳು, ಜೊತೆಗೆ ಮುತ್ತು ಹಾಕಿಸಿದೆವು, ಮುಖ ಬೆಳಗಿತು. ಬೆಚ್ಚನೆಯ ಛಾಯೆಯವರಾದರೆ ಹವಳ, ಬಂಗಾರವೇ ಸರಿ. ಆದರೆ ಸೆರಗು ಕುಂಕುಮಗೆಂಪಿನದಿರಲಿ.

ಬಂಗಾರದ ತಾಳಿಸರ ತೆಗೆಯಲಾಗದು, ತೆಗೆಯಲೂ ಬೇಡಿ. ಮುಖಕ್ಕೆ ಹತ್ತಿರವಿರುವುದು ಕಿವಿಯೋಲೆ, ಅದನ್ನು ಸರಿಪಡಿಸಿದರೆ ಸಾಕು. ಅಂಗಡಿಯ ಹಳದಿ ದೀಪದಡಿ ಎಲ್ಲವೂ ಚೆಂದವೇ. ಕೊಳ್ಳುವ ಮೊದಲು ಬಾಗಿಲ ಬಳಿ ಬಂದು ನೋಡಿ.